ಜಾತಕದ ನಮೂನೆಯಲ್ಲಿ ಮಾಸ ಮತ್ತು ನಕ್ಷತ್ರ: ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಆಗುವ ಅದಲುಬದಲು

ಪೆರಿಕಲ್ಲೂರಿನ ಕಡವಿನಲ್ಲಿ ನಿಂತರೆ ಕಬಿನಿಯ ಆಚೆ ದಡದಲ್ಲಿ ಕಾಣುವುದು ಮೈಸೂರು ಜಿಲ್ಲೆಯ ಬೈರಕುಪ್ಪೆ. ಆಚೆ ದಡದ ಪಂಚಾಂಗ ಚಾಂದ್ರಮಾನದ್ದು. ಈಚೆ ದಡದ ಗೋಡೆಗಳಲ್ಲಿ ತೂಗುವುದು ಕೊಲ್ಲವರ್ಷದ ಸೌರಮಾನದ ಕ್ಯಾಲೆಂಡರು. ಈ ಎರಡರ ನಡುವೆ ಬದುಕುವ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳ ಜಾತಕ ಬರೆಸುವಾಗ, ಸಂಬಂಧ ನೋಡುವಾಗ ತುಂಬಬೇಕಾದ ನಮೂನೆಗಳು ಇಂದು ಬಹುಪಾಲು ಇಂಗ್ಲಿಷ್ ಅಕ್ಷರಗಳಲ್ಲಿವೆ. ಹೆಸರು, ಜನ್ಮದಿನಾಂಕಗಳಿಗೆ ಇದರಿಂದ ತೊಂದರೆಯಿಲ್ಲ. ತೊಡಕು ಹುಟ್ಟುವುದು ಮಾಸ ಮತ್ತು ನಕ್ಷತ್ರದ ಎರಡು ಖಾನೆಗಳಲ್ಲಿ.

ಕಾರಣ ತಿಳಿಯಲು ಮಾಸಗಳಿಗೆ ಹೆಸರು ಬಂದ ಬಗೆಯನ್ನು ನೋಡಬೇಕು. ಚಾಂದ್ರಮಾಸದ ಹೆಸರು ಆ ಮಾಸದ ಹುಣ್ಣಿಮೆಯಂದು ಚಂದ್ರನು ಯಾವ ನಕ್ಷತ್ರದಲ್ಲಿ ಅಥವಾ ಅದರ ಸಮೀಪದಲ್ಲಿ ಇರುತ್ತಾನೋ ಆ ನಕ್ಷತ್ರದಿಂದ ಬಂದದ್ದು. ಚಿತ್ತಾ ನಕ್ಷತ್ರದಿಂದ ಚೈತ್ರ, ವಿಶಾಖದಿಂದ ವೈಶಾಖ, ಕೃತ್ತಿಕೆಯಿಂದ ಕಾರ್ತಿಕ, ಮೃಗಶಿರದಿಂದ ಮಾರ್ಗಶಿರ. ಸಂಸ್ಕೃತ ವ್ಯಾಕರಣವು ಇಂತಹ ಸಾಧಿತ ಶಬ್ದಗಳಲ್ಲಿ ಮೊದಲ ಸ್ವರಕ್ಕೆ ವೃದ್ಧಿಯನ್ನು ವಿಧಿಸುತ್ತದೆ. ಇಕಾರ ಐಕಾರವಾದಾಗ, ಋಕಾರ ಆರ್ ಆದಾಗ ವ್ಯತ್ಯಾಸ ಕಿವಿಗೂ ಕಣ್ಣಿಗೂ ಸ್ಪಷ್ಟ. ಆದರೆ ಅಕಾರದ ವೃದ್ಧಿ ಆಕಾರವಷ್ಟೇ. ಮಘಾ ನಕ್ಷತ್ರದಿಂದ ಮಾಘ ಮಾಸ, ಶ್ರವಣ ನಕ್ಷತ್ರದಿಂದ ಶ್ರಾವಣ ಮಾಸ. ಕನ್ನಡದಲ್ಲಿ ಒಂದು ಇಳಿಯಷ್ಟೇ ಇವುಗಳನ್ನು ಬೇರ್ಪಡಿಸುತ್ತದೆ. ಇಂಗ್ಲಿಷ್ ಬರಹದಲ್ಲಿ ಹ್ರಸ್ವಕ್ಕೂ ದೀರ್ಘಕ್ಕೂ ಒಂದೇ a ಬಳಸುವ ರೂಢಿ ಇರುವುದರಿಂದ ಆ ಇಳಿಯೇ ಮಾಯವಾಗುತ್ತದೆ. ಮಾಸವೂ Magha, ನಕ್ಷತ್ರವೂ Magha. ಮಾಸವೂ Shravana, ನಕ್ಷತ್ರವೂ Shravana.

ಒಂದು ಉದಾಹರಣೆಯನ್ನು ಕೊನೆಯವರೆಗೆ ನೋಡೋಣ. ನಮೂನೆಯೊಂದರಲ್ಲಿ Magha, Shravana ಎಂಬ ಎರಡು ಪದಗಳಿವೆ, ಯಾವುದು ಯಾವ ಖಾನೆಯದೆಂದು ನಕಲು ಮಾಡಿದವರಿಗೆ ತಿಳಿಯಲಿಲ್ಲ ಎಂದಿಟ್ಟುಕೊಳ್ಳಿ. ಎರಡೂ ಜೋಡಣೆ ಸಾಧ್ಯವೆಂಬುದೇ ಇಲ್ಲಿನ ಕಷ್ಟ. 2024ರ ಮಾರ್ಚ್ 8ರ ಮುಂಜಾನೆ, ಮಹಾಶಿವರಾತ್ರಿಯ ದಿನ, ಹುಟ್ಟಿದ ಮಗುವಿಗೆ ಮಾಸ ಮಾಘ, ನಕ್ಷತ್ರ ಶ್ರವಣ. ಅದೇ ವರ್ಷ ಆಗಸ್ಟ್ 6ರ ಬೆಳಿಗ್ಗೆ ಹುಟ್ಟಿದ ಮಗುವಿಗೆ ಮಾಸ ಶ್ರಾವಣ, ನಕ್ಷತ್ರ ಮಘಾ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಎರಡೂ ಮಕ್ಕಳ ಪದಗಳು ಒಂದೇ, ಖಾನೆಗಳು ಮಾತ್ರ ಬೇರೆ. ಅದಲುಬದಲಾದರೆ ಜಾತಕವೇ ಬದಲಾಗುತ್ತದೆ: ಶ್ರವಣ ಮಕರ ರಾಶಿಯದು, ಮಘಾ ಸಿಂಹ ರಾಶಿಯದು, ಶ್ರವಣದವರಿಗೆ ಜನ್ಮಕಾಲದ ದಶೆ ಚಂದ್ರನದು, ಮಘಾದವರಿಗೆ ಕೇತುವಿನದು, ಒಂದು ದೇವಗಣ, ಇನ್ನೊಂದು ರಾಕ್ಷಸಗಣ. ಕೂಟ ನೋಡುವವರು ಗಣದ ಖಾನೆಯಲ್ಲೇ ಸಂಬಂಧವನ್ನು ಮುರಿದು ಹಾಕಬಹುದು. ಜ್ಯೋತಿಷದಲ್ಲಿ ನಂಬಿಕೆಯಿದ್ದವರಿಗೂ ಇಲ್ಲದವರಿಗೂ, ಕಾಗುಣಿತದ ದೆಸೆಯಿಂದ ಮದುವೆ ತಪ್ಪುವುದು ಒಪ್ಪತಕ್ಕ ಮಾತಲ್ಲ.

ಅದಲುಬದಲಾಗಿದೆಯೇ ಎಂದು ಪಂಚಾಂಗ ತೆರೆಯದೆಯೇ ಪರೀಕ್ಷಿಸಬಹುದು. ಮಾಸದ ಹೆಸರಿನ ನಕ್ಷತ್ರವು ಆ ಮಾಸದ ಹುಣ್ಣಿಮೆಯ ಆಸುಪಾಸಿನಲ್ಲಿ ಬರುತ್ತದೆಂಬ ಸೂತ್ರ ಬಹುಮಟ್ಟಿಗೆ ಸಾಕು. 2024ರ ಆಗಸ್ಟ್ 19ರ ಶ್ರಾವಣ ಹುಣ್ಣಿಮೆಯ ಬೆಳಿಗ್ಗೆ ಚಂದ್ರನು ಶ್ರವಣದಲ್ಲೇ ಇದ್ದನು. ಚಂದ್ರನು ದಿನಕ್ಕೆ ಸುಮಾರು ಒಂದು ನಕ್ಷತ್ರ ನಡೆಯುತ್ತಾನೆ. ಅಶ್ವಿನಿಯಿಂದ ಎಣಿಸಿದರೆ ಶ್ರವಣ 22ನೆಯದು, ಮಘಾ 10ನೆಯದು, ಅಂತರ 12. ಆದ್ದರಿಂದ ಶ್ರಾವಣ ಮಾಸದಲ್ಲಿ ಮಘಾ ಬರಬೇಕಾದದ್ದು ಹುಣ್ಣಿಮೆಗೆ ಹನ್ನೆರಡು ದಿನ ಮೊದಲು, ಅಂದರೆ ಶುದ್ಧ ಬಿದಿಗೆ ತದಿಗೆಯ ಸುತ್ತ. ಹಾಗೆಯೇ ಮಾಘ ಮಾಸದಲ್ಲಿ ಶ್ರವಣವು ಹುಣ್ಣಿಮೆಯ ನಂತರ ಹನ್ನೆರಡು ದಿನಕ್ಕೆ, ಬಹುಳದ ಕೊನೆಗೆ, ಶಿವರಾತ್ರಿಯ ಹೊತ್ತಿಗೆ ಬರುತ್ತದೆ. ನಮೂನೆಯಲ್ಲಿ ತಿಥಿ ಬಿದಿಗೆಯೆಂದೂ ಪಕ್ಷ ಶುದ್ಧವೆಂದೂ ಇದ್ದು ಮಾಸದ ಖಾನೆಯಲ್ಲಿ Magha ಎಂದಿದ್ದರೆ ಎರಡು ಪದಗಳು ಅದಲುಬದಲಾಗಿರುವ ಸಂಭವ ಹೆಚ್ಚೆಂದು ತಿಳಿಯಬೇಕು. ಒಂದೆರಡು ದಿನದ ಹೆಚ್ಚುಕಡಿಮೆ ಸಹಜ. ಹತ್ತು ದಿನದ ವ್ಯತ್ಯಾಸ ಸಹಜವಲ್ಲ. ದಿನಾಂಕವಿದ್ದರಂತೂ ಕೆಲಸ ಇನ್ನೂ ಸುಲಭ: ಆಗಸ್ಟ್ ತಿಂಗಳಲ್ಲಿ ಮಾಘ ಮಾಸ ಬರುವುದೇ ಇಲ್ಲ.

ಜ್ಯೇಷ್ಠ ಮತ್ತು ಪುಷ್ಯ ಇನ್ನೊಂದು ಬಗೆ. ಇಲ್ಲಿ ಮಾಸಕ್ಕೂ ನಕ್ಷತ್ರಕ್ಕೂ ಕನ್ನಡದಲ್ಲೇ ಒಂದೇ ರೂಪ. ಪುಷ್ಯ ಮಾಸಕ್ಕೆ ಪೌಷ ಎಂಬ ಶುದ್ಧರೂಪ ಇದೆಯಾದರೂ ನಮ್ಮ ಪಂಚಾಂಗಗಳು ಅದನ್ನು ಹೆಚ್ಚಾಗಿ ಬಳಸವು. ಇದರ ಹೊಣೆಯನ್ನು ಇಂಗ್ಲಿಷಿನ ಮೇಲೆ ಹೊರಿಸುವುದು ನ್ಯಾಯವಲ್ಲ.

ವಯನಾಡಿನಲ್ಲಿ ನಮಗಿರುವ ವಿಶೇಷ ತೊಡಕು ಮಲಯಾಳದ ಹೆಸರುಗಳದು. ಮಲಯಾಳದಲ್ಲಿ Karthika ಎಂದರೆ ಕೃತ್ತಿಕಾ ನಕ್ಷತ್ರ. ನಮಗೆ ಅದೇ ಪದ ಕಾರ್ತಿಕ ಮಾಸ. ಕನ್ನಡಿಗರು ಮಾಸವೆಂದು ಬರೆದದ್ದನ್ನು ಇಲ್ಲಿನ ಬರಹಗಾರರು ನಕ್ಷತ್ರವೆಂದು ಓದಿದರೆ ಅವರ ದೋಷವೇನೂ ಅಲ್ಲ. ಮಘಾ ಅಲ್ಲಿ Makam, ಶ್ರವಣ Thiruvonam. Makayiram ಎಂಬುದನ್ನು ಕಂಡು ಮಖೆಯೆಂದು ಊಹಿಸುವವರಿದ್ದಾರೆ, ಅದು ಮೃಗಶಿರ. Pooyam ಎಂದರೆ ಪುಷ್ಯ, Pooram ಎಂದರೆ ಪುಬ್ಬ. ಉತ್ತರಾ, ಉತ್ತರಾಷಾಢ, ಉತ್ತರಾಭಾದ್ರಗಳು ಕ್ರಮವಾಗಿ Uthram, Uthradam, Uthrattathi ಆಗುತ್ತವೆ. ಖಾನೆ ಚಿಕ್ಕದೆಂದು Uthra ಎಂದಷ್ಟೇ ಬರೆದು ನಿಲ್ಲಿಸಿದರೆ ಮೂರರಲ್ಲಿ ಯಾವುದೆಂದು ಯಾರೂ ಹೇಳಲಾರರು.

ಮಾಸದ ಖಾನೆಯಲ್ಲಿಯೂ ಎಚ್ಚರ ಬೇಕು. ಕೇರಳದ ನಮೂನೆಯಲ್ಲಿ ಮಾಸವೆಂದರೆ ಚಿಂಗಂ, ಕನ್ನಿ ಮೊದಲಾದ ಸೌರಮಾಸ. ಇವುಗಳಿಗೆ ಚಾಂದ್ರಮಾಸವನ್ನು ಒಂದಕ್ಕೊಂದು ಜೋಡಿಸಲಾಗದು. ಮೇಲೆ ಹೇಳಿದ ಆಗಸ್ಟ್ 6 ಕರ್ಕಾಟಕ ಮಾಸದಲ್ಲಿತ್ತು; ಅದೇ ಶ್ರಾವಣದ ಹುಣ್ಣಿಮೆ ಚಿಂಗಂ ಮಾಸದಲ್ಲಿ ಬಂತು. ಉತ್ತರ ಭಾರತದ ಪದ್ಧತಿಗೆ ಹೊಂದಿಸಿದ ಗಣಕ ತಂತ್ರಾಂಶಗಳಲ್ಲಿ ಮತ್ತೊಂದು ಭೇದ: ಅಲ್ಲಿ ಮಾಸವು ಹುಣ್ಣಿಮೆಗೆ ಮುಗಿಯುವುದರಿಂದ ಬಹುಳ ಪಕ್ಷದಲ್ಲಿ ಮಾಸದ ಹೆಸರು ನಮಗಿಂತ ಒಂದು ಮುಂದಿರುತ್ತದೆ. ನಮ್ಮ ಮಾಘ ಬಹುಳದ ಶಿವರಾತ್ರಿ ಅವರಿಗೆ ಫಾಲ್ಗುಣದ್ದು. ಶುದ್ಧ ಪಕ್ಷದಲ್ಲಿ ಈ ಭೇದವಿಲ್ಲ.

ಹಾಗಾದರೆ ಬರೆಯುವುದು ಹೇಗೆ? ಕೈಯಲ್ಲಿ ತುಂಬುವ ನಮೂನೆಯಾದರೆ ದೀರ್ಘಕ್ಕೆ aa ಬಳಸುವುದನ್ನು ನಾವು ಶಾಲೆಯ ಮಕ್ಕಳಿಗೂ ಹೇಳಿಕೊಡುತ್ತೇವೆ: ಮಾಸಕ್ಕೆ Maagha, Shraavana, ನಕ್ಷತ್ರಕ್ಕೆ Magha, Shravana. ಆದರೆ ಈ ಎಚ್ಚರ ಓದುವವರಿಗೂ ಇದ್ದಾಗ ಮಾತ್ರ ಫಲ. ಆದಕಾರಣ ನಕ್ಷತ್ರದ ಖಾನೆಯಲ್ಲಿ ಕನ್ನಡದ ಮತ್ತು ಮಲಯಾಳದ ಹೆಸರುಗಳೆರಡನ್ನೂ, ಜೊತೆಗೆ ಅಶ್ವಿನಿಯಿಂದ ಎಣಿಸಿದ ಸಂಖ್ಯೆ ಮತ್ತು ಪಾದವನ್ನು ಬರೆಯುವುದು ಲೇಸು. ಮೇಲಿನ ಆಗಸ್ಟ್ ತಿಂಗಳ ಮಗುವಿಗೆ ನಕ್ಷತ್ರದ ಖಾನೆ Magha / Makam / 10 ಎಂದಾಗುತ್ತದೆ, ಮಾರ್ಚ್ ತಿಂಗಳ ಮಗುವಿಗೆ Shravana / Thiruvonam / 22. ಸಂಖ್ಯೆಗೆ ಕಾಗುಣಿತದ ಹಂಗಿಲ್ಲ. ಪರದೆಯ ಮೇಲಿನ ಪಟ್ಟಿಯಿಂದ ಆರಿಸುವ ನಮೂನೆಯಲ್ಲಿ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ಹೆಸರಿನ ಹೋಲಿಕೆಯನ್ನು ನಂಬದೆ, ಪಟ್ಟಿ ಅಶ್ವಿನಿಯಿಂದ ಆರಂಭವಾಗಿದ್ದರೆ ಎಣಿಸಿಯೇ ಆರಿಸಬೇಕು. ಪಟ್ಟಿ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿದ್ದರೆ ಎಣಿಕೆ ನಡೆಯದು. ಆಗ ಆರಿಸಿದ ಮೇಲೆ ತಂತ್ರಾಂಶ ತೋರಿಸುವ ರಾಶಿಯನ್ನು ಮನೆಯ ಹಳೆಯ ಜಾತಕದೊಡನೆ ಹೋಲಿಸಿ ನೋಡಬೇಕು. ಮಘಾ ಎಂದು ಆರಿಸಿದ್ದಕ್ಕೆ ಸಿಂಹವಲ್ಲದೆ ಬೇರೆ ರಾಶಿ ಬಂದರೆ ಅಲ್ಲಿಯೇ ನಿಲ್ಲಿಸಿ ಮತ್ತೆ ಆರಿಸತಕ್ಕದ್ದು.