ಚಿಂಚಲಿಯ ಕಬ್ಬಿನೊಳಗಿನ ಸಾವಿರ ಕೋಟಿ ಅಕ್ಷರ

ಚಿಂಚಲಿ ಸುತ್ತಿನ ಹೊಲದಲ್ಲಿ ಬೆಳೆದ ಕಬ್ಬಿನ ಒಂದೇ ಒಂದು ಜೀವಕೋಶದಲ್ಲಿ ಸುಮಾರು ಸಾವಿರ ಕೋಟಿ ಡಿಎನ್‌ಎ ಅಕ್ಷರಗಳಿರುತ್ತವೆ. ಮನುಷ್ಯನ ಜೀವಕೋಶದಲ್ಲಿರುವುದು ಸುಮಾರು 600 ಕೋಟಿ. ನಮಗೆ 46 ಕ್ರೋಮೋಸೋಮ್‌ಗಳಾದರೆ ಕಬ್ಬಿಗೆ ನೂರಕ್ಕೂ ಹೆಚ್ಚು.

ಇದನ್ನು ಓದುವುದು ಹೇಗೆ? 1977ರಲ್ಲಿ ಫ್ರೆಡರಿಕ್ ಸ್ಯಾಂಗರ್ ತೋರಿಸಿದ ದಾರಿ ಸರಳ. ಡಿಎನ್‌ಎ ಎಳೆಯನ್ನು ನಕಲು ಮಾಡುವಾಗ ಸಾಮಾನ್ಯ ಅಕ್ಷರಗಳ ಜೊತೆ ಸ್ವಲ್ಪವೇ ಡೈಡಿಆಕ್ಸಿ ನ್ಯೂಕ್ಲಿಯೊಟೈಡ್ ಬೆರೆಸುತ್ತಾರೆ. ಮುಂದಿನ ಅಕ್ಷರ ಸೇರಿಕೊಳ್ಳಲು ಬೇಕಾದ ಕೊಂಡಿ ಅದರಲ್ಲಿಲ್ಲ. ಅದು ಸೇರಿದ ಕಡೆ ಎಳೆ ಶಾಶ್ವತವಾಗಿ ನಿಲ್ಲುತ್ತದೆ. ಹೀಗೆ ಎಲ್ಲ ಉದ್ದದ ತುಂಡುಗಳೂ ಸಿಗುತ್ತವೆ. ಕೂದಲೆಳೆಯಷ್ಟು ಸಣ್ಣ ಗಾಜಿನ ನಳಿಕೆಯಲ್ಲಿ ವಿದ್ಯುತ್ ಹರಿಸಿದರೆ ಗಿಡ್ಡ ತುಂಡು ಮೊದಲು, ಉದ್ದದ್ದು ಆಮೇಲೆ ಬರುತ್ತದೆ. ಇಂದಿನ ಯಂತ್ರಗಳಲ್ಲಿ ತುದಿಯ ಬಣ್ಣವೇ ಅಕ್ಷರ ಯಾವುದೆಂದು ಹೇಳುತ್ತದೆ. ಸುಮಾರು 800 ಅಕ್ಷರ ದಾಟಿದ ಮೇಲೆ ಅಕ್ಕಪಕ್ಕದ ತುಂಡುಗಳನ್ನು ಬೇರ್ಪಡಿಸುವುದು ಕಷ್ಟ.

ಈಗ ಲೆಕ್ಕ ಹಾಕಿ. ಸಾವಿರ ಕೋಟಿಯನ್ನು 800ರಂತೆ ಓದಲು 1.25 ಕೋಟಿ ಓದುಗಳು ಬೇಕು. 96 ನಳಿಕೆಗಳ ಯಂತ್ರ ಎರಡು ಗಂಟೆಗೊಂದು ಸುತ್ತಿನಂತೆ ಹಗಲಿರುಳು ಓಡಿದರೂ ದಿನಕ್ಕೆ 1,152 ಓದು. ಅಂದರೆ ಸುಮಾರು ಮೂವತ್ತು ವರ್ಷ! ಅದೂ ಒಂದೇ ಸಲ ಓದಲು. ತುಂಡುಗಳು ಎಲ್ಲೆಂದರಲ್ಲಿಂದ ಸಿಗುವುದರಿಂದ ಹತ್ತು ಸಲವಾದರೂ ಓದಬೇಕು, ಮುನ್ನೂರು ವರ್ಷ.

ಕೋಟಿಗಟ್ಟಲೆ ತುಂಡುಗಳನ್ನು ಒಟ್ಟಿಗೇ ಓದುವ ಹೊಸ ಯಂತ್ರವೂ ಎಳೆಯನ್ನು ನಿಲ್ಲಿಸಿಯೇ ಓದುತ್ತದೆ, ನನಗೆ ಅತ್ಯಂತ ಸೊಗಸೆನಿಸುವುದು ಇದೇ. ಆದರೆ ಇಲ್ಲಿನ ತಡೆ ತಾತ್ಕಾಲಿಕ. ಗಾಜಿನ ಹಲಗೆಗೆ ಅಂಟಿದ ನೂರಾರು ಕೋಟಿ ತುಂಡುಗಳು ಅಲ್ಲಲ್ಲೇ ನಕಲಾಗಿ ಗುಂಪುಗಳಾಗುತ್ತವೆ. ಪ್ರತಿ ಸುತ್ತಿನಲ್ಲೂ ಎಲ್ಲ ಎಳೆಗಳಿಗೆ ಒಂದೊಂದೇ ಬಣ್ಣದ ಅಕ್ಷರ ಸೇರುತ್ತದೆ, ಯಂತ್ರ ಫೋಟೊ ತೆಗೆಯುತ್ತದೆ, ಬಣ್ಣವನ್ನೂ ತಡೆಯನ್ನೂ ಕತ್ತರಿಸಿ ಮುಂದಿನ ಸುತ್ತಿಗೆ ಹೋಗುತ್ತದೆ. ದೊಡ್ಡ ಯಂತ್ರದ ಒಂದು ಹಲಗೆ ಎರಡು ದಿನದೊಳಗೆ ಸುಮಾರು 2.5 ಲಕ್ಷ ಕೋಟಿ ಅಕ್ಷರ ಓದುತ್ತದೆ. ಕಬ್ಬಿನ ಜೀನೋಮಿನ 250 ಪಟ್ಟು!

ಆದರೂ ಕಬ್ಬು ಸೋಲಲಿಲ್ಲ. ಸುತ್ತು ಹೆಚ್ಚಿದಂತೆ ಗುಂಪಿನ ಕೆಲವು ಎಳೆಗಳು ಹಿಂದೆ ಬಿದ್ದು ಬಣ್ಣ ಕಲಸಿಹೋಗುತ್ತದೆ. ಆದ್ದರಿಂದ ಒಂದೊಂದು ಓದು ಸಾಮಾನ್ಯವಾಗಿ 150 ಅಕ್ಷರ. ಕಬ್ಬಿನಲ್ಲೋ ಒಂದೇ ಬಗೆಯ ಕ್ರೋಮೋಸೋಮಿನ ಎಂಟು-ಹತ್ತು ಪ್ರತಿಗಳಿರುತ್ತವೆ. 150 ಅಕ್ಷರದ ತುಣುಕು ಯಾವ ಪ್ರತಿಯದೆಂದು ಬಹಳಷ್ಟು ಕಡೆ ತಿಳಿಯುವುದೇ ಇಲ್ಲ. 2024ರಲ್ಲಿ ಆರ್570 ತಳಿಯ ಜೀನೋಮ್ ಪ್ರಕಟವಾಗಲು ಸಾವಿರಾರು ಅಕ್ಷರಗಳ ಉದ್ದನೆಯ ಓದುಗಳ ನೆರವು ಬೇಕಾಯಿತು.

ಹೊಲದ ಪ್ರಶ್ನೆ ಚಿಕ್ಕದಾಗಿದ್ದರೆ ಮಾತು ಬೇರೆ. ಕಬ್ಬಿನ ಬುಡ ಹುಲ್ಲಿನಂತೆ ಬಿಳಚಿದ ಸಣ್ಣ ಮರಿಗಳಾಗಿ ಒಡೆದರೆ ಫೈಟೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯದ ಶಂಕೆ. ಅದರ ಒಂದು ಜೀನಿನ ಸುಮಾರು 1,200 ಅಕ್ಷರಗಳನ್ನು ಓದಿದರೆ ಗುರುತು ಹಿಡಿಯಬಹುದು. ಸ್ಯಾಂಗರ್ ಯಂತ್ರ ಕೊಡುವ ಬಣ್ಣದ ಗ್ರಾಫಿನಲ್ಲಿ ಒಂದೇ ಜಾಗದಲ್ಲಿ ಎರಡು ಬಣ್ಣದ ಶಿಖರಗಳು ಎದ್ದರೆ ಮಾದರಿ ಕಲಬೆರಕೆಯಾಗಿದೆ ಎಂದು ಅನುಮಾನಿಸಬೇಕು. ಈ ಕೆಲಸಕ್ಕೆ ನೂರಾರು ಕೋಟಿ ಓದು ಬೇಡ. ಎರಡು ತುದಿಯಿಂದ ಎರಡು ಸ್ಯಾಂಗರ್ ಓದು ಸಾಕು.