ಒಂದೇ ಪಟ್ಟಿ, ಹಲವು ರೋಗಿಗಳು

ಬ್ರಿಟನ್ನಿನ ಸ್ತ್ರೀರೋಗ ತಜ್ಞರ ಎಂಆರ್‌ಸಿಒಜಿಯಂಥ ವೈದ್ಯಕೀಯ ಪರೀಕ್ಷೆಗಳಲ್ಲಿ ಒಂದು ವಿಶೇಷ ಬಗೆಯ ಪ್ರಶ್ನೆಯಿದೆ. ಮೇಲೆ ಉತ್ತರಗಳ ಉದ್ದನೆಯ ಪಟ್ಟಿ, ಕೆಳಗೆ ಬೇರೆ ಬೇರೆ ರೋಗಿಗಳ ವಿವರ. ಎಲ್ಲರಿಗೂ ಉತ್ತರ ಅದೇ ಪಟ್ಟಿಯಿಂದಲೇ.

ವಿಷಯ ಎದೆನೋವು ಎಂದಿಟ್ಟುಕೊಳ್ಳಿ. ಪಟ್ಟಿಯಲ್ಲಿ ಹೃದಯಾಘಾತ, ಮಹಾಪಧಮನಿಯ ಸೀಳು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ನ್ಯೂಮೋಥೊರಾಕ್ಸ್, ನ್ಯುಮೋನಿಯಾ, ಆಸಿಡಿಟಿ ಹೀಗೆ ಎಂಟು ಕಾರಣಗಳಿವೆ.

ಮೊದಲ ರೋಗಿ 22 ವರ್ಷದ ಎತ್ತರದ, ಸಣಕಲು ಯುವಕ. ಇದ್ದಕ್ಕಿದ್ದಂತೆ ಬಲಗಡೆ ನೋವು, ಏದುಸಿರು. ಆ ಬದಿಯಲ್ಲಿ ಉಸಿರಿನ ಸದ್ದು ಕ್ಷೀಣ, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಶ್ವಾಸಕೋಶದ ಸುತ್ತ ಗಾಳಿ ತುಂಬಿದೆ, ಅಂದರೆ ನ್ಯೂಮೋಥೊರಾಕ್ಸ್. ಎರಡನೆಯವರಿಗೆ ಮಂಡಿ ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನ. ಅವರಿಗೂ ಹಠಾತ್ ಏದುಸಿರು, ಉಸಿರೆಳೆದಾಗ ನೋವು. ಆದರೆ ಉಸಿರಿನ ಸದ್ದು ಎರಡೂ ಕಡೆ ಸಮ, ಒಂದು ಮೀನಖಂಡ ಊದಿದೆ. ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿರುವ ಸಾಧ್ಯತೆಯೇ ಹೆಚ್ಚು. ದೂರು ಒಂದೇ, ಉತ್ತರ ಬೇರೆ.

ಒಂದು ಉತ್ತರವನ್ನು ಎರಡು ಸಲ ಬಳಸಬಹುದು, ಬಳಸದೆಯೂ ಇರಬಹುದು. ಹಾಗಾಗಿ ಮುಗಿದ ಉತ್ತರಗಳನ್ನು ಹೊಡೆದುಹಾಕಿ ಉಳಿದದ್ದನ್ನು ಊಹಿಸುವ ಉಪಾಯ ನಡೆಯದು.

ಪಟ್ಟಿ ಕಲಬೆರಕೆಯಾದರೆ ಮಾತ್ರ ಪ್ರಶ್ನೆ ಕೆಡುತ್ತದೆ. ರೋಗಗಳ ನಡುವೆ ಔಷಧಿ, ಎಕ್ಸ್‌ರೇ ಸೇರಿಸಿದರೆ ಓದದವರೂ ಅವನ್ನು ಬದಿಗಿಡುತ್ತಾರೆ. ಒಳ್ಳೆಯ ಪ್ರಶ್ನೆಯ ಗುರುತು ಸರಳ: ಪಟ್ಟಿಯನ್ನು ಕೈಯಿಂದ ಮುಚ್ಚಿದರೂ ರೋಗಿಯ ವಿವರದಿಂದಲೇ ಉತ್ತರ ಹೊಳೆಯಬೇಕು. ಪರೀಕ್ಷೆಗೆ ಕೂರುವವರೂ ಹೀಗೇ ಅಭ್ಯಾಸ ಮಾಡಲಿ: ಮೊದಲು ರೋಗಿ, ಆಮೇಲೆ ಪಟ್ಟಿ.