ಒಳಬಾಡಿಗೆಗೆ ನೋಟಿಸು

ಎರಡು ಕೋಣೆಯ ಮನೆ ಹಿಡಿದ ಬಾಡಿಗೆದಾರ ಒಂದು ಕೋಣೆಯನ್ನು ತಿಂಗಳಿಗೆ 8,000 ರೂಪಾಯಿಗೆ ಬೇರೊಬ್ಬನಿಗೆ ಕೊಟ್ಟಿದ್ದಾನೆ ಎಂದುಕೊಳ್ಳೋಣ. ಇದು ತಪ್ಪೇ? ಮೊದಲು ಕರಾರು ಪತ್ರ ತೆಗೆದು ನೋಡಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ, ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ ಬಾಡಿಗೆದಾರ ಒಳಬಾಡಿಗೆಗೆ ಕೊಡಬಹುದು. ಹಾಗಾಗಿ ನೋಟಿಸಿನ ಜೀವಾಳವೇ ಆ ನಿಷೇಧದ ಷರತ್ತು.

ನೋಟಿಸಿನಲ್ಲಿ ಕರಾರಿನ ತಾರೀಖು, ಷರತ್ತಿನ ಸಂಖ್ಯೆ, ಯಾವ ಕೋಣೆಯಲ್ಲಿ ಯಾರು ಎಂದಿನಿಂದ ಇದ್ದಾರೆ ಎಂಬುದನ್ನು ಬರೆಯಬೇಕು. ಬಂದು ಹೋಗುವ ನೆಂಟ ಒಳಬಾಡಿಗೆದಾರನಲ್ಲ. ಹಣ ಕೊಟ್ಟು, ಕೋಣೆಗೆ ತನ್ನದೇ ಬೀಗ ಹಾಕಿಕೊಂಡು ಇರುವವನ ಮಾತು ಬೇರೆ. ಕೊನೆಗೆ, ‘ಈ ಪತ್ರ ತಲುಪಿದ 30 ದಿನಗಳೊಳಗೆ ಅವರನ್ನು ತೆರವುಗೊಳಿಸಿ ಲಿಖಿತವಾಗಿ ತಿಳಿಸಿ, ತಪ್ಪಿದರೆ ಬಾಡಿಗೆ ಹಕ್ಕು ಕೊನೆಗೊಳಿಸುತ್ತೇನೆ’ ಎಂಬ ಸ್ಪಷ್ಟ ಮಾತು. ತಲುಪಿದ್ದಕ್ಕೆ ಸಹಿ ಬರುವಂತೆ ಅಂಚೆಯಲ್ಲಿ ಕಳಿಸಬೇಕು.

ಬೇರೆ ಷರತ್ತು ಮುರಿದಾಗ ಸರಿಪಡಿಸಲು ಅವಕಾಶ ಕೊಡಬೇಕೆನ್ನುವ ಇದೇ ಕಾಯ್ದೆ, ಒಳಬಾಡಿಗೆಯ ನಿಷೇಧವನ್ನು ಆ ನಿಯಮದಿಂದ ಹೊರಗಿಟ್ಟಿದೆ. ಅಂದರೆ ಕರಾರೇ ಹೇಳದ ಹೊರತು ಈ 30 ದಿನ ಮಾಲೀಕರು ತಾವಾಗಿ ಕೊಡುವ ಕಾಲಾವಕಾಶ. ಆದರೂ ಕೊಡುವುದೇ ಒಳ್ಳೆಯದೆಂದು ನನ್ನ ಅನಿಸಿಕೆ, ಆ ಕೋಣೆಯಲ್ಲಿರುವವನಿಗೂ ಸೂರು ಹುಡುಕಲು ದಿನಗಳು ಬೇಕು.

ಮಾಲೀಕರು ಎಡವುವುದು ಇಲ್ಲಿ: ಷರತ್ತು ಮುರಿದದ್ದಕ್ಕೆ ಬಾಡಿಗೆ ಹಕ್ಕು ರದ್ದೆಂದು ತಿಳಿಸಿದ ಮೇಲೂ, ದಾವೆ ಹೂಡುವ ಮುನ್ನ, ಮುಂದಿನ ತಿಂಗಳ ಬಾಡಿಗೆ ಪಡೆದರೆ ತಪ್ಪನ್ನು ಮನ್ನಿಸಿದಂತೆ ಆಗಿಬಿಡಬಹುದು.